ಮೂರಕ್ಕೆ ಎಂಟು ಹೊಡೆದ ಗಡಿಯಾರ

ಹಳೆಯ ಮನೆಗಳ ಪಡಸಾಲೆಯಲ್ಲಿ ಇಂದಿಗೂ ಲೋಲಕದ ಗಡಿಯಾರಗಳು ನೇತಾಡುತ್ತಿರುತ್ತವೆ. ಗಂಟೆ ಹೊಡೆಯುವ ಗಡಿಯಾರವಾದರೆ ಅದರ ಡಯಲ್ಲಿನಲ್ಲಿ ಸಾಮಾನ್ಯವಾಗಿ ಕೀ ಕೊಡುವ ಎರಡು ತೂತುಗಳು ಕಾಣುತ್ತವೆ. ಒಂದು ಮುಳ್ಳುಗಳನ್ನು ನಡೆಸುವ ಸ್ಪ್ರಿಂಗಿನದು, ಇನ್ನೊಂದು ಗಂಟೆ ಬಡಿಯುವ ಸ್ಪ್ರಿಂಗಿನದು. ಇಂಥ ಹಲವು ಗಡಿಯಾರಗಳಲ್ಲಿ ಎಷ್ಟು ಸಲ ಬಡಿಯಬೇಕೆಂಬ ಲೆಕ್ಕವನ್ನು ಇಟ್ಟುಕೊಳ್ಳುವುದು ಒಳಗಿರುವ ಕೌಂಟ್ ವೀಲ್. 1386ರದೆಂದು ಹೇಳುವ ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್ಲಿನ ಗಡಿಯಾರದಲ್ಲಿಯೂ ಇದೇ ಏರ್ಪಾಡು.

ಈ ಚಕ್ರದ ಅಂಚಿನಲ್ಲಿ ಕಚ್ಚುಗಳಿವೆ. ಕಚ್ಚಿನಿಂದ ಕಚ್ಚಿಗೆ ಅಂತರ ಹಿಗ್ಗುತ್ತಾ ಹೋಗುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಸುತ್ತಿಗೆ ಬಡಿಯುತ್ತದೆ, ಕೊಕ್ಕೆ ಕಚ್ಚಿನೊಳಕ್ಕೆ ಬಿದ್ದೊಡನೆ ನಿಲ್ಲುತ್ತದೆ. ಒಂದರಿಂದ ಹನ್ನೆರಡರವರೆಗೆ ಕೂಡಿದರೆ 78 ಬಡಿತ, ಅಲ್ಲಿಗೆ ಚಕ್ರದ ಒಂದು ಸುತ್ತು ಮುಗಿಯಿತು. ಮುಂದಿನ ಸರದಿ ಯಾವುದೆಂಬುದಷ್ಟೇ ಚಕ್ರಕ್ಕೆ ಗೊತ್ತು. ಮುಳ್ಳು ಎಲ್ಲಿದೆ ಎಂಬುದು ಗೊತ್ತಿಲ್ಲ. ಬಡಿಯುವ ಸ್ಪ್ರಿಂಗಿಗೆ ಕೀ ಕೊಡುವುದು ಮರೆತರೂ, ಬಡಿತ ಮುಗಿಯುವ ಮೊದಲೇ ಮುಳ್ಳನ್ನು ಅವಸರದಲ್ಲಿ ಮುಂದಕ್ಕೆ ತಿರುಗಿಸಿದರೂ ಇವೆರಡರ ತಾಳ ತಪ್ಪುತ್ತದೆ.

ಈ ಕಸುಬಿನಲ್ಲಿ ಅಡಗಿರುವ ಗಣಿತವನ್ನು ಒಂದು ಸಣ್ಣ ಕಥೆಯಾಗಿ ಹೇಳಬಹುದು. ಪೇಟೆಬೀದಿಯಲ್ಲಿ ಒಬ್ಬ ಗಡಿಯಾರ ರಿಪೇರಿಯವನು. ಅವನ ಮೇಜಿಗೆ ಬಂದ ಗಡಿಯಾರ ಮೂರು ಗಂಟೆಗೆ ಎಂಟು ಹೊಡೆಯಿತು. ಮದ್ದು ಅವನಿಗೆ ಹೊಸದಲ್ಲ: ಡಯಲ್ಲಿನ ಹಿಂದೆ ಇಳಿಬಿದ್ದಿರುವ ತಂತಿಯನ್ನು ಬೆರಳಿನಿಂದ ಎತ್ತಿದರೆ ಮುಳ್ಳು ಕದಲದೆ ಮುಂದಿನ ಗಂಟೆ ಹೊಡೆಯುತ್ತದೆ. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಒಂದು, ಎರಡು, ಮೂರು. ಏಳು ಸಲ ಎತ್ತಿದ್ದಾಯಿತು, ಗಡಿಯಾರ ಸರಿಹೋಯಿತು.

ಆದರೆ ಆ ಏಳು ಎಲ್ಲಿಂದ ಬಂತು? ಮೂರರಲ್ಲಿ ಎಂಟು ಕಳೆದರೆ ಉಳಿಯುವುದು ಋಣ ಐದು, ಎಂದರೆ ಐದು ಹೆಜ್ಜೆ ಹಿಂದಕ್ಕೆ. ಚಕ್ರವಂತೂ ಹಿಂದಕ್ಕೆ ತಿರುಗದು. ಹನ್ನೆರಡು ಸೇರಿಸಿದ, ಏಳು ಬಂತು. ಐದು ಹಿಂದೆ ಹೋಗುವುದೂ ಏಳು ಮುಂದೆ ಹೋಗುವುದೂ ಇಲ್ಲಿ ಒಂದೇ. ಹನ್ನೆರಡು ಸಲ ಎತ್ತುವುದೂ ಎತ್ತದೆ ಸುಮ್ಮನಿರುವುದೂ ಒಂದೇ. ಮುಂದಿನ ಗಡಿಯಾರ ಹತ್ತಕ್ಕೆ ಎರಡು ಹೊಡೆದಾಗ ಅವನು ತಡವರಿಸಲಿಲ್ಲ. ಹತ್ತರಲ್ಲಿ ಎರಡು ಕಳೆದು ಎಂಟು ಸಲ ಎತ್ತಿದ.

ಅವನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಒಬ್ಬ ಅಜ್ಜಿಯ ಮಾತು. “ನಮ್ಮನೇದು ಕೆಲವು ದಿನ ಕೆಟ್ಟು, ಆಮೇಲೆ ತಾನಾಗೇ ಸರಿಹೋಗುತ್ತಪ್ಪಾ!” ವಿಚಾರಿಸಿದರೆ, ಮಗು ಎದ್ದೀತೆಂದು ರಾತ್ರಿ ಬಡಿತದ ವೇಗ ಹಿಡಿದಿಡುವ ಗಾಳಿರೆಕ್ಕೆಗೆ ಕಡ್ಡಿ ಸಿಕ್ಕಿಸಿ ಗಂಟೆ ನಿಲ್ಲಿಸುತ್ತಿದ್ದರು. ದಿನಕ್ಕೆ ನಾಲ್ಕು ಗಂಟೆಗಳ ಸರದಿ ತಪ್ಪಿದರೆ ಬಡಿತ ಹಿಂದೆ ಬೀಳುವ ಲೆಕ್ಕ ನಾಲ್ಕು, ಎಂಟು, ಹನ್ನೆರಡು. ಮೂರನೆಯ ದಿನ ಎಲ್ಲ ಸರಿ! ದಿನಕ್ಕೆ ಐದು ತಪ್ಪಿದರೋ? ಚೀಟಿಯ ಮೇಲೆ ಬರೆದುಕೊಂಡ: ಐದು, ಹತ್ತು, ಮೂರು, ಎಂಟು, ಒಂದು, ಆರು, ಹನ್ನೊಂದು, ನಾಲ್ಕು, ಒಂಬತ್ತು, ಎರಡು, ಏಳು, ಹನ್ನೆರಡು. ಯಾವ ಅಂಕಿಯನ್ನೂ ಬಿಡದೆ ಮುಟ್ಟಿ, ಹನ್ನೆರಡನೆಯ ದಿನ ಸರಿಹೋಗುತ್ತದೆ.

ಒಂದೊಂದನ್ನೂ ಹೀಗೆ ಬರೆದು ನೋಡಿದ. ಒಂದು, ಐದು, ಏಳು, ಹನ್ನೊಂದರ ಹೆಜ್ಜೆಗಳು ಮಾತ್ರ ಇಡೀ ಡಯಲ್ಲನ್ನು ಸುತ್ತುತ್ತವೆ. ಹನ್ನೆರಡರೊಂದಿಗೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಅಂಕಿಗಳು ಇವು. ಉಳಿದವು ಕೆಲವು ಅಂಕಿಗಳಲ್ಲೇ ಸುತ್ತು ಹೊಡೆಯುತ್ತವೆ. ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಇಟ್ಟು ಎಲ್ಲ ಸ್ಥಾನಗಳನ್ನೂ ಮುಟ್ಟಬಹುದಾದ ಇಂಥ ವ್ಯವಸ್ಥೆಗೆ ಗಣಿತದಲ್ಲಿ ಸೈಕ್ಲಿಕ್ ಗ್ರೂಪ್, ಚಕ್ರೀಯ ಗುಂಪು ಎಂಬ ಹೆಸರಿದೆ. ಹನ್ನೆರಡು ಅದರ ಸೊನ್ನೆ, ಐದು ಮತ್ತು ಏಳು ಒಂದಕ್ಕೊಂದು ವಿಲೋಮ. ಶೇಷವನ್ನಷ್ಟೇ ಗಣಿಸುವ ಈ ಲೆಕ್ಕಕ್ಕೆ ಗೌಸ್ 1801ರ ತನ್ನ ಗ್ರಂಥದಲ್ಲಿ ಕ್ರಮಬದ್ಧ ರೂಪವನ್ನೂ ಸಂಕೇತವನ್ನೂ ಕೊಟ್ಟ.

ಕಥೆಯ ರಿಪೇರಿಯವನ ಸೂತ್ರಕ್ಕೂ ಒಂದು ಮಿತಿಯಿದೆ. ಅರ್ಧ ಗಂಟೆಗೂ ಒಂದು ಬಡಿಯುವ ಕೌಂಟ್ ವೀಲ್‌ಗೆ ಸುತ್ತಿನಲ್ಲಿ 90 ಬಡಿತ, 24 ಸರದಿ. ಆಗ ಏಳರ ಬದಲು ಹದಿನಾಲ್ಕು ಸಲ ತಂತಿ ಎತ್ತಬೇಕು, ಲೆಕ್ಕವೂ ಹನ್ನೆರಡರ ಬದಲು ಇಪ್ಪತ್ತನಾಲ್ಕರಲ್ಲಿ ಸುತ್ತುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಹನ್ನೆರಡೂವರೆ, ಒಂದು, ಒಂದೂವರೆ ಈ ಮೂರಕ್ಕೂ ಕೇಳುವುದು ಒಂದೇ ಬಡಿತ. ಬರಿಯ ಒಂದು ಬಡಿತ ಕೇಳಿ ಚಕ್ರ ಎಲ್ಲಿದೆಯೆಂದು ಹೇಳಲು ಬಾರದು. ಎರಡಾದರೂ ಬಡಿಯುವವರೆಗೆ ತಂತಿ ಎತ್ತುತ್ತಾ ಹೋಗಿ, ಅಲ್ಲಿಂದ ಲೆಕ್ಕ ಶುರುಮಾಡಬೇಕು.