ತೂಕ ನಿಂತಾಗ ನೋಟ್‌ಬುಕ್ ತೆಗೆದು ನೋಡಿ

ಜಿಮ್‌ಗೆ ಸೇರಿದ ಮೊದಲ ಎರಡು ತಿಂಗಳು ತೂಕ ಇಳಿಯುತ್ತೆ, ಖುಷಿಯಾಗುತ್ತೆ. ಆಮೇಲೆ ತೂಕದ ಯಂತ್ರ ಒಂದೇ ಅಂಕಿಗೆ ಅಂಟಿಕೊಳ್ಳುತ್ತೆ. ಆಗ ನಮ್ಮವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡ್ತಾರೆ: ಜಿಮ್ ಬಿಡ್ತಾರೆ, ಇಲ್ಲವೇ ಊಟ ಬಿಡ್ತಾರೆ. ಶಾರ್ಜಾದಲ್ಲಿ ನಮ್ಮ ಬಿಲ್ಡಿಂಗ್‌ನಲ್ಲೇ ಇರುವ ಹಾಸನದ ಕಡೆಯ ಒಬ್ಬ ಗೆಳೆಯ ರಾತ್ರಿ ಊಟ ಬಿಡೋಣ ಅಂತ ತೀರ್ಮಾನ ಮಾಡಿದ್ದ. ವಯಸ್ಸು 36, ಗೋಡೌನ್‌ನಲ್ಲಿ ಸ್ಟೋರ್‌ಕೀಪರ್. ದಿನಕ್ಕೆ ಹತ್ತು ಗಂಟೆ ಡ್ಯೂಟಿ, ಅದರಲ್ಲಿ ಅರ್ಧ ಬಿಸಿಲಲ್ಲಿ. 84 ಕಿಲೋದಿಂದ 79ಕ್ಕೆ ಬಂದು, ಏಳು ವಾರದಿಂದ ಅಲ್ಲೇ ನಿಂತಿದ್ದ. "ಏನೂ ಆಗ್ತಿಲ್ಲ ಸಾರ್, ಸುಮ್ನೆ ಫೀಸ್ ದಂಡ" ಅಂದ.

ಅವನ ಹತ್ತಿರ ಒಂದು ಒಳ್ಳೆಯ ಅಭ್ಯಾಸ ಇತ್ತು. ಸ್ಟೋರ್‌ಕೀಪರ್ ಅಲ್ವಾ, ಪ್ರತಿ ದಿನ ಎತ್ತಿದ ಭಾರ ಎಷ್ಟು, ಎಷ್ಟು ಸಲ ಎತ್ತಿದೆ ಅಂತ ಒಂದು ರೂಲ್ಡ್ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದ. ಆದರೆ ಬರೆದದ್ದನ್ನು ತಿರುಗಿ ಓದಿರಲಿಲ್ಲ. ಅವನ ಒಪ್ಪಿಗೆ ಪಡೆದು ಆ ಪುಟಗಳ ಲೆಕ್ಕ ಇಲ್ಲಿ ಕೊಡ್ತಿದ್ದೇನೆ.

ಏಳು ವಾರದ ಹಿಂದೆ ಲ್ಯಾಟ್ ಪುಲ್‌ಡೌನ್‌ನಲ್ಲಿ 35 ಕಿಲೋ ಹಾಕಿ ಮೂರು ಸೆಟ್‌ನಲ್ಲಿ 10, 8, 7 ಸಲ ಎಳೆದಿದ್ದ. ಈಗ 40 ಕಿಲೋ, 10, 9, 8. ಡಂಬೆಲ್ ಎದೆಗೆ ಹಿಡಿದು ಕೂತು ಏಳುವ ಗಾಬ್ಲೆಟ್ ಸ್ಕ್ವಾಟ್ 16 ಕಿಲೋದಿಂದ 20ಕ್ಕೆ ಬಂದಿತ್ತು, ಸಲಗಳೂ ಎರಡು ಮೂರು ಹೆಚ್ಚಾಗಿದ್ದವು. ಟೇಪ್ ತರಿಸಿ ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆದೆವು. ಜಿಮ್ ಸೇರುವಾಗ 98 ಸೆಂಟಿಮೀಟರ್, ತೂಕ ನಿಂತ ವಾರ 95 ಅಂತ ಅವನೇ ಬರೆದಿದ್ದ. ಈಗ 92.

ತೂಕದ ಯಂತ್ರ ಅಂದ್ರೆ ಬ್ಯಾಂಕ್ ಬ್ಯಾಲೆನ್ಸ್ ಇದ್ದ ಹಾಗೆ. ತಿಂಗಳ ಕೊನೆಗೆ ಅಷ್ಟೇ ಹಣ ಇದೆ ಅಂದ್ರೆ ಏನೂ ವ್ಯವಹಾರ ನಡೆದಿಲ್ಲ ಅಂತ ಅರ್ಥವಲ್ಲ, ಬಂದಷ್ಟು ಹೋಗಿರಬಹುದು. ದೇಹದಲ್ಲಿ ಕೊಬ್ಬು ಕರಗುತ್ತಾ ಮಾಂಸಖಂಡ ಸ್ವಲ್ಪ ಸೇರಿದರೆ ಮೊತ್ತ ಅಷ್ಟೇ ಉಳಿಯುತ್ತೆ. ಹೊಸದಾಗಿ ಶುರು ಮಾಡಿದವರಲ್ಲಿ ಇದು ಚೆನ್ನಾಗೇ ಆಗುತ್ತೆ. ಇದರ ಜೊತೆ ನೀರಿನ ಆಟ ಬೇರೆ. ಹಿಂದಿನ ರಾತ್ರಿ ಬಿರಿಯಾನಿ, ಉಪ್ಪಿನಕಾಯಿ ತಿಂದಿದ್ದರೆ ಬೆಳಿಗ್ಗೆ ಒಂದು ಕಿಲೋ ಹೆಚ್ಚು ತೋರಿಸಿದರೂ ಆಶ್ಚರ್ಯವಿಲ್ಲ. ಅದು ಕೊಬ್ಬಲ್ಲ.

ಆದರೆ ನೋಟ್‌ಬುಕ್‌ನ ಅಂಕಿಯನ್ನೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ಮೊದಲ ಕೆಲವು ವಾರ ಭಾರ ಬೇಗ ಏರೋದಕ್ಕೆ ದೊಡ್ಡ ಕಾರಣ ದೇಹ ಆ ಚಲನೆಯನ್ನು ಕಲಿಯೋದು. ಆ ಏರಿಕೆ ನೋಡಿ ಇಷ್ಟು ಮಾಂಸಖಂಡ ಬಂತು ಅಂತ ಲೆಕ್ಕ ಹಾಕಬಾರದು. ಅದಕ್ಕೇ ಟೇಪ್ ಬೇಕು ಅನ್ನೋದು. ಭಾರ ಏರಿದೆ, ಸೊಂಟ ಇಳಿದಿದೆ ಅಂದ್ರೆ ಎರಡು ಪುಸ್ತಕ ತಾಳೆಯಾದ ಹಾಗೆ.

ಓದುವ ಕ್ರಮಕ್ಕೆ ಬರೋಣ. ಅವನು ಒಂದು ಪುಟ ತೋರಿಸಿ, "ಇಲ್ಲಿ ನೋಡಿ, ಇಳಿದುಹೋಗಿದೆ" ಅಂದ. ಡಂಬೆಲ್ ಪ್ರೆಸ್‌ನಲ್ಲಿ 12.5 ಕಿಲೋದಲ್ಲಿ 12 ಸಲ ಮಾಡ್ತಿದ್ದವನು 15 ಕಿಲೋಗೆ ಹೋದಾಗ 6 ಸಲಕ್ಕೇ ಸುಸ್ತಾಗಿದ್ದ. ಭಾರವನ್ನು ಸಲದಿಂದ ಗುಣಿಸಿದರೆ 150 ಇದ್ದದ್ದು 90 ಆಗುತ್ತೆ, ನಷ್ಟದ ಹಾಗೇ ಕಾಣುತ್ತೆ. ಭಾರ ಬದಲಾದಾಗ ಈ ಗುಣಾಕಾರ ದಾರಿ ತಪ್ಪಿಸುತ್ತೆ. ಇಂಥ ಕಡೆ ಎಪ್ಲಿ ಸೂತ್ರ ಅಂತ ಒಂದಿದೆ, ಒಂದೇ ಒಂದು ಸಲ ಎತ್ತಬಹುದಾದ ಗರಿಷ್ಠ ಭಾರದ ಅಂದಾಜು ಕೊಡುತ್ತೆ:

ಭಾರ × (1 + ಸಲ ÷ 30)

12.5 ಕಿಲೋ 12 ಸಲ ಅಂದ್ರೆ 17.5 ಬರುತ್ತೆ. 15 ಕಿಲೋ 6 ಸಲ ಅಂದ್ರೆ 18. ಅಂದ್ರೆ ಅವನು ಹಿಂದೆ ಬಿದ್ದಿರಲಿಲ್ಲ, ಕೂದಲೆಳೆಯಷ್ಟು ಮುಂದೇ ಇದ್ದ. ಇದು ಅಂದಾಜು ಅಷ್ಟೇ, 12 ಸಲ ದಾಟಿದರೆ ಇನ್ನೂ ಸಡಿಲ. ಹೋಲಿಸೋಕೆ ಸಾಕು, ನಿಜವಾಗಿ ಅಷ್ಟು ಭಾರ ಎತ್ತಿ ನೋಡೋಕೆ ಹೋಗಬೇಡಿ.

ಇನ್ನೊಂದು ಗೊಂದಲ ಶಿಫ್ಟ್‌ನದು. ಅವನಿಗೆ ಎರಡು ವಾರ ಹಗಲು, ಎರಡು ವಾರ ರಾತ್ರಿ ಡ್ಯೂಟಿ. ನೋಟ್‌ಬುಕ್‌ನಲ್ಲಿ ಪ್ರತಿ ಎರಡು ವಾರಕ್ಕೊಮ್ಮೆ ಎಲ್ಲ ವ್ಯಾಯಾಮದಲ್ಲೂ ಒಂದೆರಡು ಸಲ ಕಡಿಮೆ. ಮೊದಲು ನೋಡಿದರೆ ಏರಿಳಿತದ ಗಜಿಬಿಜಿ. ದಿನಾಂಕದ ಪಕ್ಕ ಹಗಲು, ರಾತ್ರಿ ಅಂತ ಗುರುತು ಹಾಕಿ ಬೇರೆ ಮಾಡಿದಾಗ ಚಿತ್ರ ಸ್ಪಷ್ಟವಾಯ್ತು: ಹಗಲು ಡ್ಯೂಟಿಯ ಅಂಕಿಗಳೂ ಏರ್ತಾ ಇದ್ದವು, ರಾತ್ರಿ ಡ್ಯೂಟಿಯವೂ ಏರ್ತಾ ಇದ್ದವು. ಆಫೀಸಿನಲ್ಲಿ ನಾವು ರಂಜಾನ್ ತಿಂಗಳ ಮಾರಾಟವನ್ನು ಹಿಂದಿನ ರಂಜಾನ್ ಜೊತೆ ಹೋಲಿಸ್ತೀವೇ ಹೊರತು ಹಿಂದಿನ ತಿಂಗಳ ಜೊತೆ ಅಲ್ಲ. ಇಲ್ಲೂ ಹಾಗೇ. ಉಪವಾಸ ಮಾಡುವವರಿಗಂತೂ ಈ ಗುರುತು ಬೇಕೇ ಬೇಕು.

ಒಂದು ಕಡೆ ಮಾತ್ರ ನನಗೆ ಅನುಮಾನ ಬಂತು. ಐದನೇ ವಾರ ಪುಲ್‌ಡೌನ್ ಒಂದೇ ದಿನ ನಾಲ್ಕು ಸಲ ಜಿಗಿದಿತ್ತು, ಉಳಿದದ್ದೆಲ್ಲ ಹಾಗೇ ಇತ್ತು. ಲೆಕ್ಕದಲ್ಲಿ ಇಂಥ ಜಿಗಿತ ಕಂಡರೆ ವೋಚರ್ ಕೇಳೋದು ನಮ್ಮ ಜಾತಿ ಗುಣ. ಕೇಳಿದೆ. ಅವತ್ತು ಬೇರೆ ಜಿಮ್‌ಗೆ ಹೋಗಿದ್ದನಂತೆ. ಒಂದು ಯಂತ್ರದ 35 ಇನ್ನೊಂದು ಯಂತ್ರದ 35 ಆಗೋದಿಲ್ಲ, ಪುಲ್ಲಿ, ಕೇಬಲ್ ಬೇರೆ ಬೇರೆ ಇರುತ್ತೆ. ಆ ಸಾಲನ್ನು ಹೋಲಿಕೆಯಿಂದ ಹೊರಗಿಟ್ಟೆವು. ಅರ್ಧಕ್ಕೆ ನಿಲ್ಲಿಸಿದ ಎತ್ತುವಿಕೆ, ಸೊಂಟ ಜೋಲಿಸಿ ಎಳೆದದ್ದು, ಇವೂ ಇಂಥದ್ದೇ ಜಿಗಿತ ಕೊಡುತ್ತವೆ.

ಹಾಗಾದರೆ ಒಂದು ಸಾಲಿನಲ್ಲಿ ಏನೇನಿರಬೇಕು? ದಿನಾಂಕ, ಡ್ಯೂಟಿ, ವ್ಯಾಯಾಮದ ಹೆಸರು, ಭಾರ, ಪ್ರತಿ ಸೆಟ್‌ನ ಸಲ, ಕೊನೆಯ ಸೆಟ್ ಮುಗಿದಾಗ ಇನ್ನೂ ಎಷ್ಟು ಸಲ ಆಗ್ತಿತ್ತು ಅನ್ನೋ ಅಂದಾಜು. ಈ ಕೊನೆಯದನ್ನು ಬಹಳ ಜನ ಬಿಡ್ತಾರೆ. ಕಳೆದ ವಾರ 20 ಕಿಲೋ 10 ಸಲ ಮಾಡಿ ಇನ್ನೊಂದೂ ಆಗಲ್ಲ ಅನ್ನಿಸಿತ್ತು, ಈ ವಾರ ಅದೇ 10 ಮಾಡಿ ಇನ್ನು ಮೂರು ಆಗ್ತಿತ್ತು ಅನ್ನಿಸಿದರೆ ಅಂಕಿ ಒಂದೇ, ಶಕ್ತಿ ಹೆಚ್ಚಾಗಿದೆ. ಸೆಟ್ ಮುಗಿದ ಕೂಡಲೇ ಬರೀಬೇಕು. ರೂಮಿಗೆ ಬಂದು ನೆನಪಿನಿಂದ ಬರೆದರೆ 9 ಇದ್ದದ್ದು 10 ಆಗಿಬಿಡುತ್ತೆ.

ಮೂರೂ ಸೆಟ್ 12 ಮುಟ್ಟಿದ ಮೇಲೆ ಭಾರ ಒಂದು ಹೆಜ್ಜೆ ಏರಿಸೋದು, ಸಲ ಬಿದ್ದರೆ ಮತ್ತೆ 12ರ ಕಡೆ ಹತ್ತೋದು, ಇಷ್ಟೇ ಕ್ರಮ.

ಗೆಳೆಯ ಊಟ ಬಿಡುವ ವಿಚಾರ ಇಲ್ಲಿಗೇ ಬಿತ್ತು. ಬಿಟ್ಟಿದ್ದರೆ ತೂಕ ಇಳೀತಿತ್ತು, ನಿಜ. ಆದರೆ ತೂಕದ ಜೊತೆ ನೋಟ್‌ಬುಕ್‌ನ ಅಂಕಿಗಳೂ ವಾರ ವಾರ ಇಳಿದರೆ ತಿನ್ನೋದು ತೀರಾ ಸಾಲದು, ಮಾಂಸಖಂಡವೂ ಹೋಗ್ತಿರಬಹುದು ಅಂತ ಅದು ಸೂಚನೆ. ಬೇರೆ ಪರಿಸ್ಥಿತಿಯೂ ಇದೆ: ತೂಕವೂ ನಿಂತಿದೆ, ಸೊಂಟವೂ ನಿಂತಿದೆ, ಒಂದು ತಿಂಗಳು ಭಾರವೂ ಅಲ್ಲೇ ಇದೆ. ಆಗ ನಿಜವಾಗಿಯೂ ನಿಂತಿದೆ. ನಾನಾದರೆ ಮೊದಲು ನಿದ್ದೆಯ ಗಂಟೆ ಕೇಳ್ತೀನಿ, ಆಮೇಲೆ ತಟ್ಟೆಯಲ್ಲಿ ಅನ್ನದ ಪಕ್ಕ ಮೊಟ್ಟೆ, ಬೇಳೆ, ಮೀನು ಎಷ್ಟಿದೆ ಅಂತ. ಎರಡೂ ಸರಿಯಿದ್ದರೆ ಒಂದು ವಾರ ಸೆಟ್‌ಗಳನ್ನು ಅರ್ಧ ಮಾಡಿ ದಣಿವು ಇಳಿಸಿ ನೋಡಬಹುದು. ಸಕ್ಕರೆ, ಬಿಪಿ ಮಾತ್ರೆ ತಗೊಳ್ಳೋರು ಊಟ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ.

ಮುಂದಿನ ತಿಂಗಳು ಅವನು ರಜೆಗೆ ಊರಿಗೆ ಹೋಗ್ತಿದ್ದಾನೆ, ನಲವತ್ತು ದಿನ. ವಾಪಸ್ ಬಂದಾಗ ಅದೇ 40 ಕಿಲೋ ಎಳೆಯೋಕೆ ಹೋಗಬೇಡ, 30ರಿಂದ ಶುರು ಮಾಡು ಅಂದಿದ್ದೇನೆ. ಒಮ್ಮೆ ಗಳಿಸಿದ ಶಕ್ತಿ ಎರಡನೇ ಸಲ ಬೇಗ ಬರುತ್ತೆ. ಎಷ್ಟು ವಾರದಲ್ಲಿ ಬಂತು ಅಂತ ಹೊಸ ಪುಟದಲ್ಲಿ ಬರೆಯೋಕೆ, ರಜೆಯ ಮುಂಚಿನ ಕೊನೆಯ ಪುಟದ ಮೂಲೆ ಈಗಲೇ ಮಡಚಿಟ್ಟಿದ್ದಾನೆ.