ನರ್ಸಮ್ಮನ ಪಟ್ಟಿ, ಗೆಳತಿಯ ಲೆಕ್ಕ

ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ಕೆಲಸ ಮಾಡುವ ಯುವ ನರ್ಸ್ ಒಬ್ಬಳು ನೈಟ್ ಡ್ಯೂಟಿ ಮುಗಿಸಿ ಬಂದವಳೇ ಪಿಯುಸಿ ಕಾಲದ ಗೆಳತಿಗೆ ಉದ್ದನೆಯ ಒಂದು ವಾಟ್ಸ್‌ಆ್ಯಪ್ ಕಳಿಸಿದಳು. ಸ್ವಂತದ್ದೇನಾದರೂ ಶುರು ಮಾಡಬೇಕೆಂಬ ಆಸೆ, ಅದಕ್ಕೆ ಐದು ಐಡಿಯಾ. ಒಂದು, ಆಕ್ಸಿಜನ್ ಕಾನ್ಸಂಟ್ರೇಟರ್, ಆಸ್ಪತ್ರೆ ಮಂಚ, ಏರ್ ಬೆಡ್ ಬಾಡಿಗೆಗೆ ಕೊಡುವುದು. ಎರಡು, ಬಾಣಂತಿ-ಮಗುವಿನ ಆರೈಕೆ. ಮೂರು, ನರ್ಸುಗಳಿಗೆ ಜೇಬು ಸರಿಯಾಗಿರುವ ಯೂನಿಫಾರ್ಮ್ ಹೊಲಿಸಿ ಮಾರುವುದು. ನಾಲ್ಕು, ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಕೋಚಿಂಗ್. ಐದು, ಡಿಸ್ಚಾರ್ಜ್ ಆಗಿ ಮನೆಗೆ ಹೋದ, ಹಾಸಿಗೆ ಹಿಡಿದ ರೋಗಿಗಳಿಗೆ ಮನೆಗೇ ಹೋಗಿ ಡ್ರೆಸ್ಸಿಂಗ್, ಕ್ಯಾಥಟರ್, ಮೂಗಿನ ನಳಿಕೆ ನೋಡಿಕೊಳ್ಳುವುದು. ಕೊನೆಯಲ್ಲಿ ಒಂದು ತಾಕೀತು: “ನಿಜ ಹೇಳೇ. ‘ಸೂಪರ್ ಕಣೇ’ ಅಂತ ಹಾರ್ಟ್ ಹಾಕಿ ಸುಮ್ಮನಾಗಬೇಡ.”

ಗೆಳತಿ ಆಡಿಟರ್ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ಸ್ ನೋಡುವವಳು. ದಿನವಿಡೀ ಬೇರೆಯವರ ವ್ಯಾಪಾರದ ಲೆಕ್ಕ ನೋಡಿದವರಿಗೆ ಉತ್ಸಾಹ ಸ್ವಲ್ಪ ಕಡಿಮೆಯೇ. ಅವಳು ಐದಕ್ಕೂ ಮಾರ್ಕ್ಸ್ ಹಾಕಲಿಲ್ಲ. “ಚೆನ್ನಾಗಿದೆಯೋ ಇಲ್ವೋ ನಂಗೇನು ಗೊತ್ತು? ನಾನೇನು ಹಾಸಿಗೆ ಹಿಡಿದೋರನ್ನ ನೋಡ್ಕೊಂಡಿದೀನಾ? ಒಂದು ಹೇಳು, ಹೋದ ತಿಂಗಳು ಈ ಐದರಲ್ಲಿ ಯಾವುದನ್ನಾದ್ರೂ ಯಾರಾದ್ರೂ ತಾವಾಗೇ ಬಂದು ನಿನ್ನ ಕೇಳಿದ್ರಾ? ಕೇಳಿ ದುಡ್ಡು ಕೊಟ್ರಾ?” ಎಂದು ಬರೆದಳು.

ಇದು ಅವಳಿಗೇ ಹೊಳೆದ ಪ್ರಶ್ನೆ ಇರಬಹುದು. ಆದರೆ ಇದೇ ಮಾತನ್ನು ಇಡೀ ಪುಸ್ತಕವಾಗಿ ಬರೆದವರಿದ್ದಾರೆ. ರಾಬ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಉದ್ಯಮಿ 2013ರಲ್ಲಿ ‘ದ ಮಾಮ್ ಟೆಸ್ಟ್’ ಎಂಬ ಪುಟ್ಟ ಪುಸ್ತಕ ತಂದರು. ‘ನನ್ನ ಐಡಿಯಾ ಹೇಗಿದೆ?’ ಎಂದು ಹೆತ್ತ ತಾಯಿಯನ್ನು ಕೇಳಿದರೆ ಆಕೆ ಪ್ರೀತಿಯಿಂದ ಸುಳ್ಳು ಹೇಳುತ್ತಾಳೆ, ಆದ್ದರಿಂದ ತಾಯಿಯೂ ಸುಳ್ಳು ಹೇಳಲಾಗದಂಥ ಪ್ರಶ್ನೆ ಕೇಳಬೇಕು ಎಂಬುದು ಅದರ ತಿರುಳು. ‘ಮುಂದೆ ಇದನ್ನು ಕೊಳ್ಳುತ್ತೀರಾ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಹೋದ ಸಲ ಈ ತೊಂದರೆ ಬಂದಾಗ ಏನು ಮಾಡಿದಿರಿ, ಎಷ್ಟು ಖರ್ಚಾಯಿತು?’ ಎಂದು ಕೇಳಿದರೆ ಮಾತ್ರ ನಡೆದ ಸಂಗತಿ ಹೊರಬೀಳುತ್ತದೆ.

ಆ ಪ್ರಶ್ನೆಗೆ ಪಟ್ಟಿಯ ಹೆಚ್ಚಿನ ಭಾಗ ನಿಲ್ಲಲಿಲ್ಲ. ಯೂನಿಫಾರ್ಮ್ ಬಗ್ಗೆ ಗೊಣಗುವ ಸಹೋದ್ಯೋಗಿಗಳು ಬೇಕಾದಷ್ಟು, ಸ್ವಂತ ದುಡ್ಡು ಕೊಟ್ಟು ಬೇರೆ ಹೊಲಿಸಿಕೊಂಡವರು ಇಲ್ಲ. ಬಾಣಂತಿಗೂ ಮಗುವಿಗೂ ನೀರು ಹಾಕುವ ಹಿರಿಯ ಹೆಂಗಸರು ಬೀದಿಗೊಬ್ಬರಿದ್ದಾರೆ, ಜನಕ್ಕೆ ಅವರ ಕೈಮೇಲೇ ನಂಬಿಕೆ. ಕೋಚಿಂಗ್ ಕೊಡಲು ಮೊದಲು ತಾನೇ ಆ ಪರೀಕ್ಷೆ ಪಾಸಾಗಿರಬೇಕಲ್ಲ! ಕಾನ್ಸಂಟ್ರೇಟರ್ ವಿಷಯದಲ್ಲಿ ತುಸು ಚರ್ಚೆ ನಡೆಯಿತು. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ ಕರೆಂಟ್ ಹೋದ ಕ್ಷಣ ನಿಲ್ಲುತ್ತದೆ, ಜೊತೆಗೊಂದು ಸಿಲಿಂಡರ್ ಇಡಲೇಬೇಕು. ಫಿಲ್ಟರ್ ತೊಳೆಯದೆ ಬಿಟ್ಟರೆ, ಒಳಗಿನ ಜಿಯೋಲೈಟ್ ಹಳತಾದರೆ ಗಾಳಿ ಬರುತ್ತಲೇ ಇರುತ್ತದೆ, ಅದರಲ್ಲಿ ಆಕ್ಸಿಜನ್ ಮಾತ್ರ ಸಾಕಷ್ಟಿರುವುದಿಲ್ಲ. ಮೀಟರ್ ಇಟ್ಟು ಅಳೆಯದೆ ಅದು ಗೊತ್ತಾಗುವುದೂ ಇಲ್ಲ. ಇದು ಬಂಡವಾಳ ಇದ್ದವರು, ಮೆಕ್ಯಾನಿಕ್ ಇಟ್ಟುಕೊಂಡವರು ಮಾಡುವ ವ್ಯಾಪಾರ.

ಉಳಿದದ್ದು ಐದನೆಯದು. ಅದನ್ನು ನಿಜಕ್ಕೂ ಜನ ಕೇಳಿದ್ದರು. ಡಿಸ್ಚಾರ್ಜ್ ದಿನ ಲಿಫ್ಟ್ ಹತ್ತಿರ ನಿಂತು “ಸಿಸ್ಟರ್, ಮನೆಗೆ ಬಂದು ಒಂದ್ಸಲ ನೋಡ್ತೀರಾ?” ಎಂದು ಅಂಗಲಾಚಿದವರಿದ್ದರು. ಅವಳು ಹೋಗಿದ್ದಳು, ಅವರು ಕೈಗೆ ದುಡ್ಡು ತುರುಕಿದ್ದರು.

ಈ ಕೆಲಸ ಏನೆಂದು ಹತ್ತಿರದಿಂದ ನೋಡಬೇಕು. ಪಾರ್ಶ್ವವಾಯು ಆಗಿ ಮಲಗಿದವರಿಗೆ, ಸೊಂಟದ ಮೂಳೆ ಮುರಿದವರಿಗೆ ದೊಡ್ಡ ಶತ್ರು ಹಾಸಿಗೆ ಹುಣ್ಣು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಪಕ್ಕೆ ಮೊದಲು ಕೆಡುವ ಜಾಗಗಳು. ಅದಕ್ಕೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎನ್ನುವುದು. ಮನೆಗೆ ಹೋದ ನರ್ಸ್ ಮೊದಲು ಮಾಡುವುದು ಡ್ರೆಸ್ಸಿಂಗ್ ಅಲ್ಲ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡುತ್ತಾಳೆ. ಒತ್ತಿದಾಗ ಬಿಳಿಚಿ ಮತ್ತೆ ಕೆಂಪಾದರೆ ಇನ್ನೂ ಸಮಯವಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣಿನ ಮೊದಲ ಹಂತ ಆಗಲೇ ಶುರುವಾಗಿದೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಅಕ್ಕಪಕ್ಕದ ಚರ್ಮಕ್ಕಿಂತ ಅಲ್ಲಿ ಬಿಸಿಯಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಫೋನಿನಲ್ಲಿ ಫೋಟೊ ಕಳಿಸಿದರೆ ಇದು ತಿಳಿಯುವುದಿಲ್ಲ, ಮನೆಗೆ ಹೋಗಲೇಬೇಕಾದ ಕಾರಣವೂ ಇದೇ.

ಮೂಗಿನ ನಳಿಕೆಯದೂ ಅಷ್ಟೇ. ಮಲಗಿಸಿಕೊಂಡೇ ಗಂಜಿ ಹಾಕಿದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು. ತಲೆಕಡೆ ಕನಿಷ್ಠ 30 ಡಿಗ್ರಿ ಎತ್ತರಿಸಿ ಕೊಡಬೇಕು, ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಕೂರಿಸಿರಬೇಕು. ಆಸ್ಪತ್ರೆಯಲ್ಲಿ ಮಂಚದ ಹಿಡಿಕೆ ತಿರುಗಿಸಿದರೆ ಮುಗಿಯಿತು. ಮನೆಯಲ್ಲಿ ದಿಂಬುಗಳನ್ನು ಹೇಗೆ ಒಟ್ಟಿದರೆ ಅಜ್ಜಿ ಜಾರುವುದಿಲ್ಲ ಎಂಬುದನ್ನು ಯಾರೋ ಎದುರು ನಿಂತು ತೋರಿಸಿಕೊಡಬೇಕು.

ಅಗತ್ಯವೇನೋ ಇದೆ. ಆದಾಯ? ಗೆಳತಿ ಅಂದಾಜಿಗೊಂದು ಲೆಕ್ಕ ಹಾಕಿದಳು. ಒಂದು ಭೇಟಿಗೆ 600 ರೂಪಾಯಿ ಎಂದಿಟ್ಟುಕೊಳ್ಳೋಣ. ಗಾಜ್, ಸಲೈನ್, ಗ್ಲೌಸ್, ಟೇಪ್‌ಗೆ 120, ಪೆಟ್ರೋಲಿಗೆ 40. ಕೈಯಲ್ಲಿ ಉಳಿಯುವುದು 440. ದಿನಕ್ಕೆ ಮೂರು ಮನೆಯಂತೆ 25 ದಿನ ಹೋದರೆ 33,000. ಕಾಗದದ ಮೇಲೆ ಚಂದ ಕಾಣುತ್ತದೆ. ಆದರೆ ಹುಣ್ಣು ಶುಚಿಯಾಗುತ್ತಾ ಬಂದಂತೆ ದಿನಾ ಇದ್ದ ಡ್ರೆಸ್ಸಿಂಗ್ ಎರಡು ದಿನಕ್ಕೊಮ್ಮೆ, ಆಮೇಲೆ ಮೂರು ದಿನಕ್ಕೊಮ್ಮೆ ಆಗುತ್ತದೆ. ನರ್ಸ್ ಕೆಲಸ ಚೆನ್ನಾಗಿ ಮಾಡಿದಷ್ಟೂ ಭೇಟಿಗಳು ಕಡಿಮೆಯಾಗುತ್ತವೆ! ಕೆಲವು ರೋಗಿಗಳು ತೀರಿಕೊಳ್ಳುತ್ತಾರೆ, ಕೆಲವರು ಮತ್ತೆ ಆಸ್ಪತ್ರೆ ಸೇರುತ್ತಾರೆ. 75ರ ಬದಲು ತಿಂಗಳಿಗೆ 40 ಭೇಟಿ ಎಂದರೆ ಕೈಗೆ ಬರುವುದು 17,600. ರಾತ್ರಿ ಹನ್ನೊಂದಕ್ಕೆ “ಪೈಪಿನಲ್ಲಿ ಮೂತ್ರ ಬರ್ತಿಲ್ಲ ಸಿಸ್ಟರ್” ಎಂದು ಬರುವ ಫೋನುಗಳಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಇನ್ನೊಂದು ತೊಡಕು ಬೆಲೆಯ ಹೋಲಿಕೆಯದು. ನಮ್ಮೂರುಗಳಲ್ಲಿ ಏಜೆನ್ಸಿಗಳು ಕಳಿಸುವ ‘ಹೋಂ ನರ್ಸ್’ಗಳಲ್ಲಿ ಬಹಳ ಮಂದಿ ನರ್ಸಿಂಗ್ ಓದಿದವರಲ್ಲ. ಸ್ನಾನ, ಊಟ, ಬಟ್ಟೆ ನೋಡಿಕೊಳ್ಳುವ ಸಹಾಯಕರು. ಅವರ ದಿನವಿಡೀ ಸಂಬಳದ ಪಕ್ಕದಲ್ಲಿ ನಲವತ್ತು ನಿಮಿಷಕ್ಕೆ 600 ಎಂದರೆ ಮನೆಯವರು ಹುಬ್ಬೇರಿಸುವುದು ಸಹಜ. ನೆದರ್ಲೆಂಡ್ಸಿನಲ್ಲಿ ಯೋಸ್ ಡೆ ಬ್ಲಾಕ್ ಎಂಬ ನರ್ಸ್ 2006ರಲ್ಲಿ ಕಟ್ಟಿದ ಬ್ಯೂರ್ಟ್‌ಜೋರ್ಗ್ ಸಂಸ್ಥೆ, ಹನ್ನೆರಡು ಮಂದಿ ಮೀರದ ನರ್ಸುಗಳ ತಂಡಗಳನ್ನು ಬಡಾವಣೆಗೊಂದರಂತೆ ನಿಲ್ಲಿಸಿ ಸಾವಿರಾರು ನರ್ಸುಗಳ ಸಂಸ್ಥೆಯಾಗಿ ಬೆಳೆಯಿತು. ಹೊಸ ಉದ್ಯಮ ಹುಡುಕುವ ನರ್ಸುಗಳಿಗೆ ಅದೊಂದು ಕನಸಿನಂಥ ಉದಾಹರಣೆ. ಆದರೆ ಅಲ್ಲಿ ಮನೆ ಶುಶ್ರೂಷೆಯ ಖರ್ಚನ್ನು ವಿಮೆ ಭರಿಸುತ್ತದೆ. ಇಲ್ಲಿ ಅದು ಬಹುಪಾಲು ಮಗನ ಜೇಬಿನಿಂದ ಬರಬೇಕು.

ಕಾನೂನಿನ ಕಡೆಯಿಂದ ಗೆಳತಿ ಕೇಳಿದ್ದು ಮುಖ್ಯವಾಗಿ ಎರಡು. ಈಗಿನ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ಹೊರಗೆ ಕೆಲಸ ಮಾಡಬಾರದೆಂದು ಬರೆದಿದೆಯೇ? ಬರೆದಿದ್ದರೆ ಅಲ್ಲಿನ ರೋಗಿಗಳ ಮನೆಗೇ ಹೋಗಿ ಹಣ ಪಡೆಯುವುದು ನೇರ ಗುದ್ದಾಟ. ಎರಡನೆಯದಾಗಿ, ಕೋಣೆ ಹಿಡಿದು ‘ಡ್ರೆಸ್ಸಿಂಗ್ ಸೆಂಟರ್’ ಎಂದು ಬೋರ್ಡ್ ಹಾಕುವ ಯೋಚನೆ ಇದ್ದರೆ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕೇ ಎಂದು ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ವಿಚಾರಿಸದೆ ಬಾಡಿಗೆ ಮುಂಗಡ ಕೊಡಬಾರದು.

ಉಳಿದ ಗೆರೆಗಳನ್ನು ನರ್ಸ್ ತಾನೇ ಎಳೆದುಕೊಂಡಳು. ದಿನಾಂಕ ಹಾಕಿದ ವೈದ್ಯರ ಚೀಟಿ ಇಲ್ಲದೆ ಏನೂ ಮಾಡುವುದಿಲ್ಲ. ಆ್ಯಂಟಿಬಯಾಟಿಕ್ ಇಂಜೆಕ್ಷನ್ನಿನ ಮೊದಲ ಡೋಸ್ ಅಂತೂ ಮನೆಯಲ್ಲಿ ಬೇಡವೇ ಬೇಡ. ಮೈಗೆ ಒಗ್ಗದೆ ಉಸಿರು ಕಟ್ಟಿದರೆ ಅಲ್ಲಿ ಆಕ್ಸಿಜನ್ನೂ ಇಲ್ಲ, ಡಾಕ್ಟರೂ ಇಲ್ಲ. ಕೀವು ಹತ್ತಿದ ಗಾಜ್ ಹಳದಿ ಚೀಲಕ್ಕೆ, ತೆಗೆದ ಕ್ಯಾಥಟರ್ ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ ಎಂಬ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ವಾರ್ಡಿನಲ್ಲಿ ಬಾಯಿಪಾಠ. ಮನೆಯಲ್ಲಿ ಆ ಚೀಲ ಯಾರ ಗಾಡಿಗೆ ಹೋಗಬೇಕು? ಯಾವುದಾದರೂ ಕ್ಲಿನಿಕ್ಕಿನ ಜೊತೆ ಮೊದಲೇ ಮಾತಾಡಿಕೊಳ್ಳಬೇಕು, ಅದಕ್ಕೂ ಖರ್ಚು.

ನಿಜವಾದ ಅಭಿಪ್ರಾಯ ಯಾರಿಂದ ಸಿಗುತ್ತದೆ ಎಂಬುದಕ್ಕೆ ಡೆನ್ಮಾರ್ಕಿನ ಎಲಿಸೆ ಸೋರೆನ್ಸೆನ್ ಎಂಬ ನರ್ಸ್ ಕಥೆ ಇಲ್ಲಿ ನೆನೆಯಬೇಕು. 1954ರಲ್ಲಿ ಆಕೆಯ ತಂಗಿ ತೋರಾಗೆ ಶಸ್ತ್ರಚಿಕಿತ್ಸೆಯಾಗಿ ಹೊಟ್ಟೆಯ ಮೇಲಿನ ರಂಧ್ರದಿಂದ ಮಲ ಹೊರಹೋಗುವಂತಾಯಿತು. ಸೋರುತ್ತದೆಂಬ ಭಯಕ್ಕೆ ಆಕೆ ಮನೆಬಿಟ್ಟು ಹೊರಡುವುದನ್ನೇ ನಿಲ್ಲಿಸಿದಳು. ಚರ್ಮಕ್ಕೆ ಅಂಟಿಕೊಳ್ಳುವ, ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲ ಮಾಡಬಹುದಲ್ಲ ಎಂದು ಎಲಿಸೆಗೆ ಹೊಳೆಯಿತು. ಪ್ಲಾಸ್ಟಿಕ್ ತಯಾರಕ ಓಗೆ ಲೂಯಿ-ಹಾನ್ಸೆನ್ ಮೊದಲು ಒಪ್ಪಲಿಲ್ಲ. ಅವನನ್ನು ಒಪ್ಪಿಸಿದ್ದು ಹೆಂಡತಿ ಯೊಹಾನ್ನೆ. ಆಕೆಯೂ ನರ್ಸಿಂಗ್ ಕಲಿತವಳು, ಅಂಥ ರೋಗಿಗಳ ಪಾಡು ಬಲ್ಲವಳು. 1957ರಲ್ಲಿ ಹುಟ್ಟಿದ ಕೋಲೋಪ್ಲಾಸ್ಟ್ ಕಂಪನಿಯ ಬೇರು ಅಲ್ಲಿದೆ. ವ್ಯಾಪಾರ ಬಲ್ಲವನಿಗೆ ಕಾಣದ್ದು ಕೆಲಸ ಬಲ್ಲವಳಿಗೆ ಕಂಡಿತ್ತು.

ನಮ್ಮ ನರ್ಸಿಗೂ ಗೆಳತಿ ಕೊಟ್ಟ ಸಲಹೆ ಹೆಚ್ಚುಕಡಿಮೆ ಅದೇ: “ನನ್ನ ಕೇಳೋದು ಬಿಡು, ಹಾಸಿಗೆ ಹಿಡಿದೋರನ್ನ ಆರು ತಿಂಗಳು ನೋಡ್ಕೊಂಡಿರೋ ಸೊಸೇರನ್ನ ಕೇಳು.” ಕೇಳಿದಾಗ ಪಟ್ಟಿಯಲ್ಲಿ ಇಲ್ಲದ್ದೊಂದು ಹೊರಬಿತ್ತು. ಡ್ರೆಸ್ಸಿಂಗ್ ಹೇಗೋ ಮಾಡಿಸಿಕೊಂಡೆವು, ಕಂಗಾಲಾಗಿದ್ದು ಮನೆಗೆ ಕರೆತಂದ ಮೊದಲ ವಾರ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಮಂಚ ಎಲ್ಲಿ ಹಾಕಬೇಕು, ಮಗ್ಗುಲು ಹೇಗೆ ತಿರುಗಿಸಬೇಕು, ನಳಿಕೆ ಹೊರಗೆ ಬಂದರೆ ಏನು ಮಾಡಬೇಕು ಎಂದು ಕಲಿಸಿದವರೇ ಇಲ್ಲ. ಮಂಚದ ಬಾಡಿಗೆಗೆ, ಮತ್ತೆ ಅಡ್ಮಿಟ್ ಮಾಡಿದ್ದಕ್ಕೆ ದುಡ್ಡು ಸುರಿದವರು ಆ ಏಳು ದಿನಕ್ಕೆ ಕೊಡಲು ಹಿಂಜರಿಯುವುದಿಲ್ಲ ಎಂದು ಅವರ ಖರ್ಚಿನ ಕಥೆಯೇ ಹೇಳುತ್ತಿತ್ತು.

ಈಗ ಯೋಜನೆ ಚಿಕ್ಕದಾಗಿದೆ. ಡಿಸ್ಚಾರ್ಜ್ ಆದ ದಿನ, ಮೂರನೆಯ ದಿನ, ಎಂಟನೆಯ ದಿನ ಹೀಗೆ ಮೂರು ಭೇಟಿ, ಒಟ್ಟು 2,000 ರೂಪಾಯಿ, ಮುಂಗಡ. ಮನೆಯ ಇಬ್ಬರಿಗೆ ಕೈಹಿಡಿದು ಕಲಿಸುವುದೇ ಮುಖ್ಯ ಕೆಲಸ, ಒಬ್ಬರಿಗೇ ಕಲಿಸಿದರೆ ಅವರು ಊರಿಗೆ ಹೋದ ದಿನ ಎಲ್ಲ ನಿಲ್ಲುತ್ತದೆ. ಫೋನಿಗೆ ಹೊತ್ತು ಗೊತ್ತು ಮಾಡಿ ಮೊದಲೇ ಹೇಳುವುದು. ತನ್ನ ಆಸ್ಪತ್ರೆಯ ರೋಗಿಗಳನ್ನು ಬಿಟ್ಟು, ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರು ಹೇಳಿ ಕಳಿಸುವ ಮನೆಗಳಿಂದ ಶುರು ಮಾಡುವುದು, ಕೆಲಸ ಮಾತ್ರ ಸದ್ಯಕ್ಕೆ ಬಿಡದಿರುವುದು. ಅಪಾಯಿಂಟ್‌ಮೆಂಟ್ ಲೆಟರ್ ಓದಿಸಿಕೊಂಡ ಗೆಳತಿ, ಎಚ್‌ಆರ್‌ನವರಿಂದ ಬರಹದಲ್ಲಿ ಅನುಮತಿ ತರುವವರೆಗೆ ರಸೀದಿ ಪುಸ್ತಕ ಅಚ್ಚು ಹಾಕಿಸಬೇಡ ಎಂದಿದ್ದಾಳೆ. ಅರ್ಜಿ ಕೊಟ್ಟಾಗಿದೆ.