ಕಾರು ನಿಲ್ಲಿಸುವ ಜಾಗ ಬಿಲ್ಡರ್‌ನದೇ?

ಮುಂಬೈನ ದಹಿಸರ್‌ನಲ್ಲಿರುವ ಪಾಂಚಾಲಿ ವಸತಿ ಸಮುಚ್ಚಯದ ಫ್ಲ್ಯಾಟುಗಳು ಮಾರಾಟವಾದ ಮೇಲೂ ಬಿಲ್ಡರ್ ಹಕ್ಕು ಬಿಡಲಿಲ್ಲ. ಕಟ್ಟಡದ ಕೆಳಗೆ ಕಂಬಗಳ ನಡುವೆ ಇದ್ದ 25 ಪಾರ್ಕಿಂಗ್ ಜಾಗಗಳು ತನ್ನವು, ಬೇಕಾದವರಿಗೆ ಮಾರುತ್ತೇನೆ ಎಂದು ನಿವಾಸಿಗಳ ಸಂಘದ ಮೇಲೇ ದಾವೆ ಹೂಡಿದ.

ವಾದವೇನೋ ಜಾಣತನದ್ದೇ: ಮೇಲೆ ಚಾವಣಿಯಿದೆ, ಆದ್ದರಿಂದ ಅದು ಗ್ಯಾರೇಜು. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಮಹಾರಾಷ್ಟ್ರದ ಕಾಯ್ದೆಯಂತೆ ಆ ಜಾಗ ಫ್ಲ್ಯಾಟೂ ಅಲ್ಲ, ಗ್ಯಾರೇಜೂ ಅಲ್ಲ. ಕಟ್ಟಡದ ಸಾಮಾನ್ಯ ಭಾಗ. ಬಿಲ್ಡರ್‌ಗೆ ಉಳಿಯುವುದು ಮಾರಾಟವಾಗದ ಫ್ಲ್ಯಾಟುಗಳ ಮೇಲಿನ ಹಕ್ಕು ಮಾತ್ರ.

2016ರ ರೇರಾ ಕಾಯ್ದೆ ಈಗ ದೇಶಕ್ಕೆಲ್ಲ ಗೆರೆ ಎಳೆದಿದೆ. ತಾರಸಿ, ಮೆಟ್ಟಿಲು, ಲಿಫ್ಟು, ಸಾಮಾನ್ಯ ನೆಲಮಾಳಿಗೆ, ಬಯಲು ಪಾರ್ಕಿಂಗ್ ಎಲ್ಲವೂ ಸಾಮಾನ್ಯ ಪ್ರದೇಶ. ಇವುಗಳ ಒಡೆತನವನ್ನು ಬಿಲ್ಡರ್ ನಿವಾಸಿಗಳ ಸಂಘಕ್ಕೆ ನೋಂದಾಯಿತ ಪತ್ರದ ಮೂಲಕ ವರ್ಗಾಯಿಸಬೇಕು. ಚಾವಣಿಯ ಜೊತೆ ಮೂರು ಕಡೆ ಗೋಡೆಯೂ ಇದ್ದರಷ್ಟೇ ಅದು ಗ್ಯಾರೇಜು.

ಸಾಮಾನ್ಯ ಜಾಗವನ್ನು ಯಾರು ಹೇಗೆ ಬಳಸಬೇಕೆಂದು ಸಂಘ ಗೊತ್ತುಮಾಡಬಹುದು. ಆದರೆ ಬಳಸಲು ಬಿಟ್ಟುಕೊಟ್ಟ ಮಾತ್ರಕ್ಕೆ ಒಡೆತನ ಬರುವುದಿಲ್ಲ. ‘ತಾರಸಿಯ ಹಕ್ಕು ನನ್ನಲ್ಲೇ ಉಳಿಯುತ್ತದೆ’ ಎಂಬ ಸಾಲು ಕರಾರುಪತ್ರದಲ್ಲಿ ಕಂಡರೆ, ಸಹಿ ಹಾಕುವ ಮೊದಲೇ ವಕೀಲರಿಗೆ ತೋರಿಸಿ.